ಹಳೇ ಮಂಗಳೂರು ಹೆಂಚು ಬಳಸಿ ಫಿಲ್ಲರ್ ಸ್ಲ್ಯಾಬ್: ನಿಜವಾಗಿ ಉಳಿಯುವುದೆಷ್ಟು, ಎಲ್ಲಿ ಹಾಕಬಾರದು?

ಮಲೆನಾಡಿನ ಮನೆ

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಒಂದು ಭಾಗವನ್ನು ಬಿಚ್ಚಿ, ಅಲ್ಲಿಯೇ ಎರಡು ಕೋಣೆ ಮತ್ತು ಮುಂದುಗಡೆ ಒಂದು ಜಗಲಿಯನ್ನು ತಾರಸಿ ಹಾಕಿ ಕಟ್ಟುತ್ತಿದ್ದೇವೆ. ಕೋಣೆಗಳು ಒಳ ಅಳತೆಯಲ್ಲಿ 12 ಅಡಿಗೆ 14 ಅಡಿ ಇವೆ. ಬಿಚ್ಚಿದ ಮಾಡಿನಿಂದ ಸುಮಾರು 900 ಮಂಗಳೂರು ಹೆಂಚುಗಳು ಗಟ್ಟಿಯಾಗಿಯೇ ಸಿಕ್ಕಿವೆ. ಇವುಗಳನ್ನು ಮೋಲ್ಡಿನ ಕಾಂಕ್ರೀಟಿನೊಳಗೆ ಇಟ್ಟು ಸಿಮೆಂಟು ಮತ್ತು ಕಂಬಿಯನ್ನು ಉಳಿಸಬಹುದು ಎಂದು ಎಂಜಿನಿಯರ್ ಒಬ್ಬರು ಹೇಳಿದರು. ನಮ್ಮ ಮೇಸ್ತ್ರಿಯವರು ಇದನ್ನು ಒಪ್ಪುತ್ತಿಲ್ಲ. "ಮೋಲ್ಡಿನಲ್ಲಿ ಟೊಳ್ಳು ಬಿಟ್ಟರೆ ನಾಳೆ ನನ್ನ ಹೆಸರು ಹಾಳಾಗುತ್ತದೆ" ಎಂಬುದು ಅವರ ಮಾತು. ಈ ಬಗೆಯ ತಾರಸಿಯನ್ನು ಹಾಕಿಸಿದವರು, ಹಾಕಿದವರು ದಯವಿಟ್ಟು ಎರಡು ವಿಷಯ ತಿಳಿಸಿ. ನಿಜಕ್ಕೂ ಉಳಿತಾಯ ಎಷ್ಟಾಗುತ್ತದೆ? ಜಗಲಿಗೂ ಅದರ ಮುಂದಿನ ಮೂರಡಿ ಸಜ್ಜಾಕ್ಕೂ ಇದನ್ನೇ ಹಾಕಬಹುದೇ?

ಹಸಿರು ಗೂಡು

ಧೈರ್ಯವಾಗಿ ಹಾಕಿಸಿ. ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ದಶಕಗಳ ಕಾಲ ಇದನ್ನೇ ಮಾಡಿದರು. ಅವರು ಕಟ್ಟಿದ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಆವರಣವನ್ನು ನೋಡಿದರೆ ಯಾವ ಸಂಶಯವೂ ಉಳಿಯುವುದಿಲ್ಲ. ತಾರಸಿಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಇದೆ, ಎಳೆತ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಕೆಳಗಿನ ಎಳೆತವನ್ನು ಕಂಬಿಯೇ ಹೊರುವುದರಿಂದ ಅಲ್ಲಿರುವ ಕಾಂಕ್ರೀಟು ಬರೀ ಭಾರ. ಅದರ ಜಾಗದಲ್ಲಿ ಹೆಂಚನ್ನಿಟ್ಟರೆ ಕಾಂಕ್ರೀಟು ಕಾಲು ಭಾಗ, ಕಂಬಿ ಶೇಕಡಾ 40 ಉಳಿಯುತ್ತದೆ. ಕೋಣೆಯೂ ತಂಪಾಗಿರುತ್ತದೆ. ಸಜ್ಜಾಕ್ಕೂ ಹಾಕಿ, ತೊಂದರೆ ಇಲ್ಲ.

ಕಂಬಿ ಲೆಕ್ಕ

ಹಸಿರು ಗೂಡು ಅವರು ಹೇಳಿದ ಮೂಲತತ್ತ್ವ ಸರಿಯಾಗಿದೆ. ಆದರೆ ಸಜ್ಜಾದ ವಿಷಯದಲ್ಲಿ ಅದೇ ತತ್ತ್ವ ತಲೆಕೆಳಗಾಗುತ್ತದೆ ಎಂಬುದನ್ನು ಅವರು ಗಮನಿಸಿಲ್ಲ. ಎರಡೂ ಕಡೆ ಗೋಡೆಯ ಮೇಲೆ ಕೂತ ತಾರಸಿ ನಡುವೆ ಬಾಗುವುದರಿಂದ ಎಳೆತ ಕೆಳಗೆ ಬರುತ್ತದೆ. ಒಂದೇ ಕಡೆ ಹಿಡಿತವಿದ್ದು ಹೊರಕ್ಕೆ ಚಾಚಿಕೊಂಡ ಸಜ್ಜಾ ಅಥವಾ ಬಾಲ್ಕನಿಯಲ್ಲಿ ಎಳೆತ ಮೇಲ್ಭಾಗಕ್ಕೆ ಬರುತ್ತದೆ, ಒತ್ತಡ ಕೆಳಭಾಗಕ್ಕೆ ಹೋಗುತ್ತದೆ. ಅಲ್ಲಿ ಕೆಳಗೆ ಹೆಂಚನ್ನಿಟ್ಟರೆ ದುಡಿಯುವ ಕಾಂಕ್ರೀಟನ್ನೇ ನಾವು ತೆಗೆದಂತಾಗುತ್ತದೆ. ಆದ್ದರಿಂದ ಮಲೆನಾಡಿನ ಮನೆ ಅವರೇ, ಮೂರಡಿ ಸಜ್ಜಾವನ್ನು ಪೂರ್ತಿ ಕಾಂಕ್ರೀಟಿನಲ್ಲಿಯೇ ಹಾಕಿಸಿ. ಸಜ್ಜಾ ಹೊರಡುವ ಗೋಡೆಯ ಒಳಬದಿಯಲ್ಲಿಯೂ, ಅದರ ಮೇಲಿನ ಕಂಬಿ ಎಷ್ಟು ದೂರ ಒಳಗೆ ಹೋಗಿದೆಯೋ ಅಷ್ಟು ದೂರ ಹೆಂಚನ್ನು ಇಡಬೇಡಿ.

ಇನ್ನು ಉಳಿತಾಯದ ಮಾತು. ನಿಮ್ಮ ಕೋಣೆಯನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ತಾರಸಿಯ ದಪ್ಪ 5 ಇಂಚು ಎಂದು ಇಟ್ಟುಕೊಳ್ಳಿ. ಮಂಗಳೂರು ಹೆಂಚು ಸುಮಾರು 16 ಇಂಚು ಉದ್ದ, ಒಂಬತ್ತೂಕಾಲು ಇಂಚು ಅಗಲ ಇರುತ್ತದೆ. ಎರಡು ಹೆಂಚುಗಳ ಟೊಳ್ಳು ಬದಿಗಳು ಒಂದಕ್ಕೊಂದು ಎದುರಾಗುವಂತೆ ಜೋಡಿಸಿದರೆ ಎತ್ತರ ಎರಡೂವರೆ ಇಂಚಿನ ಆಸುಪಾಸು ಬರುತ್ತದೆ. ಆಗ ಜೋಡಿಯ ಮೇಲೆ ಇನ್ನೂ ಎರಡೂವರೆ ಇಂಚು ಕಾಂಕ್ರೀಟು ಉಳಿಯುತ್ತದೆ. ಅದು ಎರಡು ಇಂಚಿಗಿಂತ ಕಡಿಮೆಯಾಗಲು ನಾನು ಬಿಡುವುದಿಲ್ಲ. ಗೋಡೆಯ ಸುತ್ತ ಒಂದೊಂದು ಅಡಿ ಪಟ್ಟಿಯನ್ನು ಗಟ್ಟಿಯಾಗಿ ಬಿಟ್ಟು, ಜೋಡಿ ಜೋಡಿಗಳ ನಡುವೆ 4 ಇಂಚು ಕಾಂಕ್ರೀಟಿನ ಪಕ್ಕೆ ಬರುವಂತೆ ಇಟ್ಟರೆ ಒಂದು ದಿಕ್ಕಿನಲ್ಲಿ 6, ಇನ್ನೊಂದು ದಿಕ್ಕಿನಲ್ಲಿ 11, ಒಟ್ಟು 66 ಜೋಡಿ, ಅಂದರೆ 132 ಹೆಂಚುಗಳು ಕೂರುತ್ತವೆ. ಇವು ತೆಗೆದುಕೊಳ್ಳುವ ಜಾಗ ಹತ್ತಿರ ಹತ್ತಿರ 0.4 ಘನ ಮೀಟರ್. ಕೋಣೆಯ ತಾರಸಿಯ ಕಾಂಕ್ರೀಟು ಒಟ್ಟು ಸುಮಾರು 2 ಘನ ಮೀಟರ್ ಇರುವುದರಿಂದ ಐದರಲ್ಲಿ ಒಂದು ಭಾಗ ಉಳಿಯಿತು. ಕಾಲು ಭಾಗ ಎನ್ನುವುದು ಸ್ವಲ್ಪ ಹೆಚ್ಚಾಯಿತು, ಆದರೆ ಬಹಳ ತಪ್ಪೇನಲ್ಲ.

ಕಂಬಿಯದು ಬೇರೆ ಕಥೆ. ತೆಗೆದ ಕಾಂಕ್ರೀಟಿನ ತೂಕ ಸುಮಾರು 1,000 ಕಿಲೋ. ಅದರ ಜಾಗಕ್ಕೆ ಬಂದ ಹೆಂಚುಗಳ ತೂಕ ಸುಮಾರು 300 ಕಿಲೋ. ಹಾಗಾದರೆ ತಾರಸಿ 700 ಕಿಲೋದಷ್ಟು ಹಗುರವಾಯಿತು, ಅಂದರೆ ಅದರ ಸ್ವಂತ ತೂಕದಲ್ಲಿ ಶೇಕಡಾ 14ರಷ್ಟು. ಆದರೆ ಕಂಬಿ ಹೊರುವುದು ತಾರಸಿಯ ತೂಕವನ್ನು ಮಾತ್ರವಲ್ಲ, ಮೇಲಿನ ಗಾರೆಯನ್ನೂ ಓಡಾಡುವ ಜನರನ್ನೂ ಅದೇ ಹೊರಬೇಕು. ಎಲ್ಲವನ್ನೂ ಸೇರಿಸಿದಾಗ ಒಟ್ಟು ಭಾರ ಇಳಿಯುವುದು ಶೇಕಡಾ 7ರಿಂದ 8 ಮಾತ್ರ. ಕಂಬಿಯೂ ಅಷ್ಟೇ ಇಳಿಯಬಲ್ಲದು. ಹಾಗಿದ್ದರೆ ಶೇಕಡಾ 40 ಎಂಬ ಮಾತು ಎಲ್ಲಿಂದ ಬಂತು? ಮೇಸ್ತ್ರಿಗಳು ವಾಡಿಕೆಯಂತೆ ಎರಡೂ ದಿಕ್ಕಿಗೆ 5 ಇಂಚಿಗೊಂದರಂತೆ 8 ಎಂಎಂ ಕಂಬಿ ಕಟ್ಟುತ್ತಾರೆ. ಇಂಥ ಕೋಣೆಗೆ ಅಷ್ಟು ಬೇಕಾಗಿಯೇ ಇಲ್ಲ. ಫಿಲ್ಲರ್ ಸ್ಲ್ಯಾಬಿಗಾಗಿ ಎಂಜಿನಿಯರ್ ಲೆಕ್ಕ ಹಾಕಿದಾಗ ಆ ಹೆಚ್ಚುವರಿ ಕಂಬಿ ಹೊರಬೀಳುತ್ತದೆ, ಹೆಸರು ಮಾತ್ರ ಹೆಂಚಿಗೆ ಬರುತ್ತದೆ. ಮಾಮೂಲು ತಾರಸಿಗೂ ಸರಿಯಾದ ಲೆಕ್ಕ ಹಾಕಿಸಿದ್ದರೆ ಆ ಉಳಿತಾಯದ ಬಹುಪಾಲು ಹೇಗೂ ಸಿಗುತ್ತಿತ್ತು.

ಬಿಸಿಲೂರು ಬಳ್ಳಾರಿ

ನಮ್ಮ ಮನೆಯ ತಾರಸಿ ಹಾಕಿ 8 ವರ್ಷವಾಗಿದೆ, ಮೇಲಿನ ಕೋಣೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಕೂರಲು ಆಗುವುದಿಲ್ಲ. ತಾರಸಿಯ ಮೇಲೆ ಹೆಂಚು ಜೋಡಿಸಿ ಗಾರೆ ಹಾಕಿದರೆ ಈ ಫಿಲ್ಲರ್ ವಿಧಾನದಂತೆಯೇ ತಂಪಾಗುತ್ತದೆಯೇ? ಹೆಂಚು ಜೋಡಿಯಾಗಿ ಬೇಕೇ, ಒಂದೇ ಸಾಕೇ?

ಕಂಬಿ ಲೆಕ್ಕ

ಬಳ್ಳಾರಿಯವರೇ, ಇಲ್ಲಿ ಚರ್ಚೆಯಾಗುತ್ತಿರುವುದು ಕಾಂಕ್ರೀಟು ಹಾಕುವ ಮೊದಲೇ ಅದರೊಳಗೆ ಹೆಂಚನ್ನು ಇಡುವ ವಿಧಾನ. ಆಗಲೇ ಇರುವ ತಾರಸಿಯ ಮೇಲೆ ಹೆಂಚು ಮತ್ತು ಗಾರೆಯನ್ನು ಹೇರಿದರೆ ಭಾರ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ನಿಮ್ಮ ತಾರಸಿ ಆ ಭಾರವನ್ನು ತಾಳುತ್ತದೆಯೇ ಎಂದು ನೋಡಿಸದೆ ಅದಕ್ಕೆ ಕೈ ಹಾಕಬೇಡಿ. ಮೊದಲು ಬಿಳಿ ಬಣ್ಣ ಅಥವಾ ಒಡೆದ ಬಿಳಿ ಟೈಲ್ಸ್ ಹಾಕಿಸಿ ನೋಡಿ.

ಗುತ್ತಿಗೆದಾರ ತುಮಕೂರು

ನಾನು 22 ವರ್ಷದಿಂದ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಹೆಂಚಿನ ತಾರಸಿಯನ್ನು ಒಂಬತ್ತು ಮನೆಗಳಿಗೆ ಹಾಕಿದ್ದೇನೆ, ಮೊದಲನೆಯದನ್ನು ಕೆಡಿಸಿದ್ದೇನೆ. ಮೇಸ್ತ್ರಿಯವರ ಹೆದರಿಕೆಗೆ ಕಾರಣವಿಲ್ಲದಿಲ್ಲ ಎಂಬುದಕ್ಕಾಗಿ ಅದನ್ನು ಹೇಳುತ್ತೇನೆ.

ಅದು ಮಾರ್ಚ್ ತಿಂಗಳು. ಹೆಂಚುಗಳನ್ನು ಹಿಂದಿನ ದಿನವೇ ಸೆಂಟ್ರಿಂಗ್ ಮೇಲೆ ಜೋಡಿಸಿದ್ದೆವು, ಅವು ದಿನವಿಡೀ ಬಿಸಿಲು ಕುಡಿದಿದ್ದವು. ಬೆಳಿಗ್ಗೆ ಮೇಲಿಂದ ಒಂದು ಸಲ ಪೈಪಿನಲ್ಲಿ ನೀರು ಹಾಯಿಸಿ ಕಾಂಕ್ರೀಟು ಸುರಿದೆವು. ಸುಟ್ಟ ಮಣ್ಣಿಗೆ ಅಷ್ಟು ನೀರು ಎಲ್ಲಿ ಸಾಕಾಗುತ್ತದೆ? ಅದು ಪಕ್ಕೆಯ ಕಾಂಕ್ರೀಟಿನ ನೀರನ್ನೇ ಹೀರಿತು. ಕಾಂಕ್ರೀಟು ಕಂಬಿಯ ಕೆಳಗೆ ಇಳಿಯುವ ಮೊದಲೇ ಬಿಗಿಯಿತು. ಜೊತೆಗೆ ನಾವು ಬಳಸಿದ್ದು ಮುಕ್ಕಾಲು ಇಂಚಿನ ಜಲ್ಲಿ, ಇಳಿಸಿದ್ದು ದಪ್ಪ ಸೂಜಿಯ ವೈಬ್ರೇಟರು. ನಾಲ್ಕು ಇಂಚಿನ ಸಂದಿಯಲ್ಲಿ ಕಂಬಿಯೂ ಇರುವಾಗ ಆ ಸೂಜಿ ಸರಿಯಾಗಿ ಇಳಿಯಲಿಲ್ಲ, ಇಳಿದ ಕಡೆ ಹೆಂಚನ್ನು ತಳ್ಳಿತು. ಸೆಂಟ್ರಿಂಗ್ ಬಿಚ್ಚಿದಾಗ ಆರು ಕಡೆ ಪಕ್ಕೆ ಜೇನುಗೂಡಿನಂತೆ ಕಂಡಿತು, ಎರಡು ಕಡೆ ಕಂಬಿಯೇ ಇಣುಕುತ್ತಿತ್ತು. ಒಂದು ಜೋಡಿ ಎಷ್ಟು ಸರಿದಿತ್ತೆಂದರೆ ಪಕ್ಕದ ಪಕ್ಕೆ ಒಂದೂವರೆ ಇಂಚಿಗೆ ಇಳಿದಿತ್ತು. ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆದು ತುಂಬಿಸಿ, ಕೊನೆಗೆ ಇಡೀ ಒಳಮಾಳಿಗೆಗೆ ಗಾರೆ ಮಾಡಿಸಿಕೊಟ್ಟೆ. ಹೆಂಚು ಕಾಣಲೆಂದು ಆಸೆಪಟ್ಟಿದ್ದ ಮನೆಯವರಿಗೆ ಅದರಿಂದ ಆದ ಬೇಸರ ನನಗೆ ಇಂದಿಗೂ ನೆನಪಿದೆ.

ಆಮೇಲಿನ ಎಂಟು ಮನೆಗಳಲ್ಲಿ ಮಾಡಿದ್ದು ಇಷ್ಟು. ಹೆಂಚುಗಳನ್ನು ಹಿಂದಿನ ರಾತ್ರಿಯೇ ತೊಟ್ಟಿಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಎತ್ತುತ್ತೇವೆ, ಮೈಮೇಲಿನ ನೀರು ಇಳಿದ ಮೇಲೆ ಜೋಡಿಸುತ್ತೇವೆ. ಜೋಡಿಯ ಅಂಚಿನಲ್ಲಿ ಸಂದಿ ಕಂಡರೆ ತೆಳುವಾಗಿ ಸಿಮೆಂಟು ಗಾರೆ ಮೆತ್ತುತ್ತೇವೆ, ಇಲ್ಲವಾದರೆ ಸಿಮೆಂಟಿನ ಹಾಲು ಒಳಗೆ ಹರಿದು ಟೊಳ್ಳು ತುಂಬಿಹೋಗುತ್ತದೆ. ಅರ್ಧ ಇಂಚಿನ ಜಲ್ಲಿ ಮತ್ತು ಸಣ್ಣ ಸೂಜಿಯ ವೈಬ್ರೇಟರನ್ನೇ ಬಳಸುತ್ತೇವೆ. ಮೊದಲು ಪಕ್ಕೆಗಳನ್ನು ತುಂಬಿಸಿ, ಹೆಂಚುಗಳು ಅಲುಗದಂತೆ ಹಿಡಿತ ಬಂದ ಮೇಲೆ ಅದೇ ಓಟದಲ್ಲಿ ಮೇಲಿನ ಪದರವನ್ನು ಹಾಕುತ್ತೇವೆ. ಬಾಂಡಲಿ ಹೊರುವವರು ಹೆಂಚಿನ ಮೇಲೆ ಕಾಲಿಡದಂತೆ ಹಲಗೆ ಹಾಸುವುದು ಕಡ್ಡಾಯ. ಕಾಂಕ್ರೀಟು ಮುಗಿದ ಮೇಲೆ ಒಳಗೆ ಒಡೆದ ಹೆಂಚು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೈಸೂರಿನ ಮೇಲ್ಮಹಡಿ

ನಾನು ಈ ಬಗೆಯ ಮನೆಯಲ್ಲಿ 14 ವರ್ಷದಿಂದ ವಾಸವಾಗಿದ್ದೇನೆ, ಕಟ್ಟುವ ವಿಷಯ ನನಗೆ ತಿಳಿಯದು. ಬಾಳಿ ನೋಡಿದ ಎರಡು ತೊಂದರೆಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಒಳಮಾಳಿಗೆಗೆ ಆಮೇಲೆ ಏನನ್ನೂ ಸುಲಭವಾಗಿ ತೂಗುಹಾಕಲು ಆಗುವುದಿಲ್ಲ. ಮಗುವಿನ ತೊಟ್ಟಿಲಿಗೆ ಕೊಕ್ಕೆ ಬೇಕೆಂದು ಬಂದವರು ಡ್ರಿಲ್ ಹಿಡಿದ ಕೂಡಲೇ ಹೆಂಚು ಒಡೆದು ಚೂರು ಉದುರಿತು. ಫ್ಯಾನಿನ ಕೊಕ್ಕೆ, ತೂಗುಯ್ಯಾಲೆಯ ಕೊಕ್ಕೆ ಇವೆಲ್ಲ ಎಲ್ಲಿ ಬರಬೇಕೆಂದು ಮೊದಲೇ ತೀರ್ಮಾನಿಸಿ, ಅಲ್ಲಿ ಹೆಂಚನ್ನು ಬಿಡಿಸಿ. ಎರಡನೆಯದು ನೀರು. ನಮ್ಮ ಮಹಡಿಯ ಸ್ನಾನದ ಮನೆಯ ಕೆಳಗೂ ಹೆಂಚು ಇಟ್ಟುಬಿಟ್ಟಿದ್ದರು. ಪೈಪಿನ ಸುತ್ತ ನೀರು ಜಿನುಗಿ ಹೆಂಚಿನ ಟೊಳ್ಳಿನಲ್ಲಿ ನಿಂತು, ಕೆಳಗೆ ಕಾಣಿಸಿಕೊಂಡಾಗ ಮೂಲ ಎಲ್ಲಿದೆಯೆಂದು ಪತ್ತೆ ಹಚ್ಚಲು ಮೂರು ತಿಂಗಳು ಬೇಕಾಯಿತು. ಸೋರಿಕೆ ನಿಲ್ಲಿಸಿದ ಮೇಲೂ ಹದಿನೈದು ದಿನ ತೊಟ್ಟಿಕ್ಕುತ್ತಲೇ ಇತ್ತು.

ಇವೆರಡನ್ನು ಬಿಟ್ಟರೆ ನನಗೆ ಈ ಮನೆ ಬಹಳ ಇಷ್ಟ. ಬೇಸಿಗೆಯಲ್ಲಿ ಎದುರು ಮನೆಗಿಂತ ತಂಪಾಗಿಯೇ ಇರುತ್ತದೆ.

ಕಂಬಿ ಲೆಕ್ಕ

ಮೇಡಂ ಹೇಳಿದ್ದನ್ನು ನಕ್ಷೆಯಲ್ಲಿಯೇ ಬರೆಸಬೇಕು. ಬಚ್ಚಲಿನ ತಾರಸಿಗೂ, ನೀರಿನ ಟ್ಯಾಂಕು ಕೂರುವ ಜಾಗಕ್ಕೂ, ಮೇಲೆ ಗೋಡೆ ಬರುವ ಸಾಲಿಗೂ ಹೆಂಚು ಬೇಡ. ಅದರೊಂದಿಗೆ ವೈರಿಂಗ್ ಪೈಪನ್ನು ಸೇರಿಸುತ್ತೇನೆ. ಕಾಂಕ್ರೀಟಿನ ದಿನ ಬೆಳಿಗ್ಗೆ ಬರುವ ಎಲೆಕ್ಟ್ರಿಷಿಯನ್ನರು ಹತ್ತಿರದ ದಾರಿ ಎಂದು ಪೈಪನ್ನು ಹೆಂಚಿನ ಮೇಲೆ ಅಡ್ಡಡ್ಡ ಎಳೆಯುತ್ತಾರೆ. ಆಗ ಎರಡೂವರೆ ಇಂಚಿನ ಕಾಂಕ್ರೀಟಿನಲ್ಲಿ ಒಂದು ಇಂಚನ್ನು ಪೈಪೇ ತಿಂದುಬಿಡುತ್ತದೆ, ವರ್ಷದೊಳಗೆ ಮೇಲೆ ಅದೇ ಗೆರೆಯಲ್ಲಿ ಬಿರುಕು ಕಾಣಿಸುತ್ತದೆ. ಪೈಪು ಪಕ್ಕೆಯಲ್ಲಿಯೇ ತಿರುಗಿ ಹೋಗಬೇಕು.

ತಂಪಿನ ಬಗ್ಗೆ ನನಗೆ ಅಷ್ಟು ಖಚಿತವಾದ ಅಭಿಪ್ರಾಯವಿಲ್ಲ. ಹೆಂಚಿನ ನಡುವಿನ ಗಾಳಿ ಬಿಸಿಯನ್ನು ತಡೆಯುವುದು ನಿಜ. ಆದರೆ ಪಕ್ಕೆಗಳು ಮೇಲಿಂದ ಕೆಳಗಿನವರೆಗೆ ಗಟ್ಟಿ ಕಾಂಕ್ರೀಟೇ ಆಗಿರುವುದರಿಂದ ಬಿಸಿ ಅಲ್ಲಿಂದ ಇಳಿಯುತ್ತದೆ. ಒಂದೇ ಹೆಂಚು ಇಟ್ಟವರಿಗೆ ಆ ಗಾಳಿಯೂ ಇಲ್ಲ.

ಮೈಸೂರಿನ ಮೇಲ್ಮಹಡಿ

ಅಭಿಪ್ರಾಯ ಹೇಗೇ ಇರಲಿ ಸರ್, ಮಧ್ಯಾಹ್ನ ಅಂಗೈ ಒಡ್ಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಕುಲುಮೆ ಮಣ್ಣು

ನಮ್ಮದು ಕುಂಬಾರರ ಮನೆತನ, ಬೆಳಗಾವಿ ಜಿಲ್ಲೆ. ಹೆಂಚಿನ ಬದಲು ಬಟ್ಟಲಿನಂಥ ಮಡಕೆಗಳನ್ನು ಬೋರಲಾಗಿ ಇಟ್ಟು ಹಾಕುವ ತಾರಸಿಗೆ ನಾವು ಎರಡು ಸಲ ಮಡಕೆ ಮಾಡಿಕೊಟ್ಟಿದ್ದೇವೆ. ಕೆಳಗಿನಿಂದ ನೋಡಿದರೆ ದುಂಡನೆಯ ಬಾಯಿಗಳ ಸಾಲು ಬಹಳ ಚೆಂದ ಕಾಣುತ್ತದೆ. ಹೆಂಚು ಸಿಗದ ನಮ್ಮ ಬಯಲುಸೀಮೆಗೆ ಇದೇ ಒಳ್ಳೆಯದಲ್ಲವೇ?

ಒಂದು ಅನುಭವ ಹೇಳಬೇಕು. ಬಾಯಿಯ ಅಂಚು ಸಮತಟ್ಟಾಗಿಲ್ಲದ ಮಡಕೆಯೊಳಕ್ಕೆ ಸಿಮೆಂಟಿನ ಹಾಲು ನುಗ್ಗಿ ಅರ್ಧ ತುಂಬಿಕೊಂಡಿತ್ತು. ಎರಡನೆಯ ಸಲ ಪ್ರತಿ ಮಡಕೆಯನ್ನೂ ಹಸಿ ಇರುವಾಗಲೇ ಹಲಗೆಯ ಮೇಲೆ ಬೋರಲು ಹಾಕಿ ಅಂಚನ್ನು ಸಮ ಮಾಡಿದೆವು. ಜೋಡಿಸುವಾಗ ಬಾಯಿಯ ಸುತ್ತ ಜೇಡಿಮಣ್ಣು ಮೆತ್ತಿದೆವು, ಸೆಂಟ್ರಿಂಗ್ ಬಿಚ್ಚಿದ ಮೇಲೆ ಅದು ತೊಳೆದರೆ ಹೋಯಿತು.

ಕಂಬಿ ಲೆಕ್ಕ

ಜೇಡಿಮಣ್ಣಿನ ಉಪಾಯ ನನಗೆ ಹೊಸದು, ಬರೆದಿಟ್ಟುಕೊಂಡೆ. ಮಡಕೆ ಚೆಂದವೇ, ಆದರೆ ಕಾಂಕ್ರೀಟಿನ ಉಳಿತಾಯ ಹೆಂಚಿಗಿಂತ ಕಡಿಮೆ. ದುಂಡು ಆಕಾರಗಳನ್ನು ಎಷ್ಟೇ ಒತ್ತಾಗಿಟ್ಟರೂ ಮೂಲೆಗಳಲ್ಲಿ ಕಾಂಕ್ರೀಟು ತುಂಬಿಕೊಳ್ಳುತ್ತದೆ, ಮಡಕೆಯ ಬೆನ್ನು ಇಳಿಜಾರಾಗಿರುವುದರಿಂದ ಅಲ್ಲಿಯೂ ತುಂಬುತ್ತದೆ. ನಾಲ್ಕು ಇಂಚು ಎತ್ತರದ ಮಡಕೆಯಾದರೆ ತಾರಸಿಯ ದಪ್ಪವನ್ನು 6 ಇಂಚಿಗೆ ಏರಿಸಬೇಕು. ಚಿಕ್ಕ ಕೋಣೆಗೆ 5 ಇಂಚೇ ಸಾಕಾಗುತ್ತಿದ್ದಾಗ, ಮಡಕೆಗಾಗಿ ಒಂದು ಇಂಚು ಸೇರಿಸಿ ಆಮೇಲೆ ಉಳಿಸಿದೆವು ಎನ್ನುವುದಕ್ಕೆ ಅರ್ಥವಿಲ್ಲ. ಕೋಣೆ ದೊಡ್ಡದಾಗಿದ್ದು ಆರು ಇಂಚು ಹೇಗೂ ಬೇಕಾದ ಕಡೆ ಮಡಕೆ ಹೊಂದುತ್ತದೆ.

ಮಲೆನಾಡಿನ ಮನೆ

ಎಲ್ಲರಿಗೂ ಧನ್ಯವಾದಗಳು. ಮೇಸ್ತ್ರಿಯವರಿಗೆ ತುಮಕೂರಿನವರ ಬರಹವನ್ನು ಓದಿ ಹೇಳಿದೆ, ಈಗ ಅರ್ಧ ಮನಸ್ಸಿಗೆ ಬಂದಿದ್ದಾರೆ. ಅವರ ಒಂದು ಪ್ರಶ್ನೆ ಉಳಿದಿದೆ. ಪಕ್ಕೆಯಲ್ಲಿ ಮಾತ್ರ ಕಂಬಿ ಎಂದರೆ ಕಂಬಿಯಿಂದ ಕಂಬಿಗೆ ಒಂದು ಅಡಿಗೂ ಮೀರಿ ಅಂತರವಾಗುತ್ತದಲ್ಲ, ಅದು ಸರಿಯೇ ಎಂದು ಕೇಳುತ್ತಿದ್ದಾರೆ. ಹಾಗೆಯೇ ಹಣದ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಕಂಬಿ ಲೆಕ್ಕ

ಮೇಸ್ತ್ರಿಯವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಮಾಮೂಲು ತಾರಸಿಯಲ್ಲಿ ಮುಖ್ಯ ಕಂಬಿಗಳ ಅಂತರ 300 ಎಂಎಂ ಮೀರಬಾರದು ಎಂದು ಕಾಂಕ್ರೀಟು ಕೆಲಸದ ಭಾರತೀಯ ಸಂಹಿತೆ ಐಎಸ್ 456 ಹೇಳುತ್ತದೆ. ಆದ್ದರಿಂದ ಇದನ್ನು ಮಾಮೂಲು ತಾರಸಿಯೆಂದು ನೋಡದೆ, ಒತ್ತೊತ್ತಾಗಿ ಹಾಕಿದ ಸಣ್ಣ ತೊಲೆಗಳ ಸಾಲು ಎಂದು ನೋಡಿ ಲೆಕ್ಕ ಹಾಕಬೇಕು. ಪಕ್ಕೆಗಳುಳ್ಳ ತಾರಸಿಗೆ ಅದೇ ಸಂಹಿತೆಯಲ್ಲಿ ಬೇರೆ ನಿಯಮಗಳಿವೆ. ಸ್ಥಳದಲ್ಲಿಯೇ ಹಾಕುವ ಪಕ್ಕೆಯ ಅಗಲ 65 ಎಂಎಂಗಿಂತ ಕಡಿಮೆ ಇರಬಾರದು ಎಂಬುದು ಅದರಲ್ಲೊಂದು. ನಾವು ಬಿಡುವ 4 ಇಂಚು ಅದಕ್ಕಿಂತ ಸಾಕಷ್ಟು ಹೆಚ್ಚು.

ಇಲ್ಲಿಯೇ ಹೆಂಚನ್ನು ಯಾವ ದಿಕ್ಕಿಗೆ ಮಲಗಿಸುತ್ತೀರಿ ಎಂಬುದು ಮುಖ್ಯವಾಗುತ್ತದೆ. ಭಾರದ ಹೆಚ್ಚಿನ ಪಾಲು ಚಿಕ್ಕ ಅಳತೆಯ ದಿಕ್ಕಿಗೆ, ಅಂದರೆ ನಿಮ್ಮ 12 ಅಡಿಯ ದಿಕ್ಕಿಗೆ ಹರಿಯುತ್ತದೆ. ಹೆಂಚಿನ ಉದ್ದವನ್ನು ಆ ದಿಕ್ಕಿಗೇ ಇಟ್ಟರೆ 12 ಅಡಿಯ ಪಕ್ಕೆಗಳು 13 ಇಂಚಿಗೊಂದರಂತೆ ಬರುತ್ತವೆ, ನನ್ನ ಲೆಕ್ಕದಲ್ಲಿ ಪಕ್ಕೆಗೊಂದು 10 ಎಂಎಂ ಕಂಬಿ ಸಾಕಾಗುತ್ತದೆ. ಅಡ್ಡ ತಿರುಗಿಸಿದರೆ ಅವೇ ಪಕ್ಕೆಗಳು 20 ಇಂಚಿಗೊಂದಾಗಿ ಒಂದೊಂದಕ್ಕೂ ಎರಡು ಕಂಬಿ ಬೇಕಾಗುತ್ತದೆ. ಇದು ಅಂದಾಜಿಗೆ ಹೇಳಿದ್ದು, ಕಟ್ಟುವ ಮುನ್ನ ನಿಮ್ಮ ಎಂಜಿನಿಯರರಿಂದಲೇ ನಕ್ಷೆ ಮಾಡಿಸಿ. ಮೇಲಿನ ಪದರಕ್ಕೆ ನಾನು ತೆಳು ಕಂಬಿಯ ಜಾಲರಿಯನ್ನೂ ಹಾಕಿಸುತ್ತೇನೆ.

ಗುತ್ತಿಗೆದಾರ ತುಮಕೂರು

ಜಾಲರಿಯ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ನಾನು ಹಾಕಿದ ಒಂಬತ್ತರಲ್ಲಿ ಏಳಕ್ಕೆ ಜಾಲರಿ ಇಲ್ಲ, ಬಿರುಕೂ ಇಲ್ಲ. ಉಳಿಸಿದ ಕಂಬಿಯನ್ನು ಮತ್ತೆ ಮೇಲೆ ಹಾಸುವುದಾದರೆ ಉಳಿಸಿದ್ದಾದರೂ ಏನು?

ಹಣದ ಲೆಕ್ಕ ನಾನು ಹೇಳುತ್ತೇನೆ. ಕಾಂಕ್ರೀಟಿಗೆ ಕೂಲಿ ಸೇರಿ ಘನ ಮೀಟರಿಗೆ 6,500 ರೂಪಾಯಿ ಎಂದು ಹಿಡಿದರೆ, ಒಂದು ಕೋಣೆಯಲ್ಲಿ ಉಳಿಯುವ 0.4 ಘನ ಮೀಟರಿಗೆ 2,600 ರೂಪಾಯಿ. ಹೊಸ ಹೆಂಚನ್ನು ತಲಾ 30 ರೂಪಾಯಿಗೆ ಕೊಂಡರೆ 132 ಹೆಂಚಿಗೆ 3,960 ರೂಪಾಯಿ ಆಗುತ್ತದೆ. ಅಲ್ಲಿಗೆ ಕಾಂಕ್ರೀಟಿನಲ್ಲಿ ಉಳಿದದ್ದಕ್ಕಿಂತ ಹೆಚ್ಚು ಹೆಂಚಿಗೇ ಹೋಯಿತು. ಇದನ್ನು ತಿಳಿಯದೆ ಹೊಸ ಹೆಂಚು ತರಿಸಿ ಹಾಕಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಿಮ್ಮಂತೆ ಹಳೇ ಹೆಂಚು ಮನೆಯಲ್ಲೇ ಇರುವವರಿಗೆ ಹೆಂಚಿನ ಖರ್ಚಿಲ್ಲದೆ ಆ 2,600 ಉಳಿಯುತ್ತದೆ. ಆದರೆ ಜೋಡಿಸುವ ಕೂಲಿಗೆ ಅದರಲ್ಲಿ ಒಂದು ಪಾಲು ಹೋಗುತ್ತದೆ. ದೊಡ್ಡ ಉಳಿತಾಯ ಬರುವುದು ಒಳಮಾಳಿಗೆಗೆ ಗಾರೆಯನ್ನೂ ಬಣ್ಣವನ್ನೂ ಬಿಟ್ಟಾಗ. 168 ಚದರ ಅಡಿಗೆ ಗಾರೆ ಮಾತ್ರವೇ 35 ರೂಪಾಯಿಯಂತೆ 5,880 ಆಗುತ್ತದೆ. ಗಾರೆ ಮಾಡಿಸಿಯೇ ತೀರುತ್ತೇವೆ ಎನ್ನುವವರು ಹೆಂಚಿನ ಗೊಡವೆಗೆ ಹೋಗದಿರುವುದೇ ಲೇಸು.

ಹಸಿರು ಗೂಡು

ಸಜ್ಜಾದ ಬಗ್ಗೆ ನಾನು ಹೇಳಿದ್ದು ತಪ್ಪಾಯಿತು, ಒಪ್ಪುತ್ತೇನೆ. ಆದರೆ ಎಲ್ಲವನ್ನೂ ರೂಪಾಯಿಯಲ್ಲೇ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಕೋಣೆಗೆ ಮೂರು ಚೀಲದಷ್ಟು ಸಿಮೆಂಟು ಕಡಿಮೆಯಾದರೆ ಅದಕ್ಕೂ ಬೆಲೆಯಿದೆ, ಎಸೆಯಬೇಕಾದ ಹೆಂಚು ಮನೆಯಲ್ಲೇ ಉಳಿಯುವುದಕ್ಕೂ ಬೆಲೆಯಿದೆ.

ಮಲೆನಾಡಿನ ಮನೆ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಎರಡೂ ಕೋಣೆಗಳಿಗೆ ಹೆಂಚು, ಜಗಲಿಯ ಸಜ್ಜಾಕ್ಕೆ ಪೂರ್ತಿ ಕಾಂಕ್ರೀಟು ಎಂದು ತೀರ್ಮಾನಿಸಿ ಹಾಕಿಸಿದೆವು. 264 ಹೆಂಚು ಬೇಕಿತ್ತು. ಒಂದೊಂದನ್ನೂ ಬೆರಳಿನಿಂದ ಬಡಿದು, ಕಂಚಿನಂತೆ ದನಿ ಕೊಟ್ಟವನ್ನು ಮಾತ್ರ ಇಟ್ಟುಕೊಂಡು, ಮಂದವಾಗಿ ಸದ್ದು ಮಾಡಿದ 70ರಷ್ಟನ್ನು ಬದಿಗಿಟ್ಟೆವು. ಜಾಲರಿಯನ್ನು ನಮ್ಮ ಎಂಜಿನಿಯರ್ ಒಂದು ಕೋಣೆಗೆ ಹಾಕಿಸಿ ಇನ್ನೊಂದಕ್ಕೆ ಬಿಟ್ಟಿದ್ದಾರೆ.

ಹದಿನಾಲ್ಕು ದಿನದ ನಂತರ ಸೆಂಟ್ರಿಂಗ್ ಬಿಚ್ಚಿದೆವು. ಪಕ್ಕೆಗಳು ಒಂದು ಕಡೆ ಬಿಟ್ಟು ಎಲ್ಲ ಕಡೆ ನುಣುಪಾಗಿ ಬಂದಿವೆ. ಫ್ಯಾನಿನ ಡಬ್ಬಿಯ ಹತ್ತಿರ ಎರಡು ಪೈಪು ಒಂದೇ ಪಕ್ಕೆಯಲ್ಲಿ ಸೇರಿದ ಜಾಗದಲ್ಲಿ ಅಂಗೈಯಗಲ ಜಲ್ಲಿ ಕಾಣುತ್ತಿದೆ, ಕಂಬಿ ಕಾಣುತ್ತಿಲ್ಲ. ಇಪ್ಪತ್ತು ಹೆಂಚುಗಳ ಮೇಲೆ ಸಿಮೆಂಟಿನ ಹಾಲು ಹರಿದು ಬೂದು ಕಲೆ ಹಿಡಿದಿದೆ. ಇವೆರಡಕ್ಕೂ ಏನು ಮಾಡಬೇಕು?

ಗುತ್ತಿಗೆದಾರ ತುಮಕೂರು

ಆ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ಹೆಂಚು ಡಬಡಬ ಎನ್ನುವುದು ಸಹಜ, ಪಕ್ಕೆ ಹಾಗೆ ಎನ್ನಬಾರದು. ಪಕ್ಕೆಯ ಸದ್ದು ಸುತ್ತಲಿನಂತೆಯೇ ಗಟ್ಟಿಯಾಗಿದ್ದರೆ ತೊಂದರೆ ಮೇಲ್ಮೈಯಲ್ಲಿ ಮಾತ್ರ ಇದೆ ಎಂದರ್ಥ. ಸಡಿಲ ಜಲ್ಲಿಯನ್ನು ತೆಗೆದು, ತೊಳೆದು, ಗಟ್ಟಿಯಾದ ಸಿಮೆಂಟು ಗಾರೆಯನ್ನು ಒತ್ತಿ ತುಂಬಿಸಿ ಏಳು ದಿನ ಒದ್ದೆ ಬಟ್ಟೆ ಹಿಡಿಸಿ. ಟೊಳ್ಳು ಸದ್ದು ಬಂದರೆ ತುಂಬಿಸಿ ಮುಚ್ಚಲು ಹೋಗದೆ ಮೊದಲು ನಿಮ್ಮ ಎಂಜಿನಿಯರರಿಗೆ ತೋರಿಸಿ.

ಕಲೆಗೆ ಆಸಿಡ್ ಹಾಕಲು ಹೇಳುವವರು ಇರುತ್ತಾರೆ, ಹಾಕಿಸಬೇಡಿ. ಅದು ಪಕ್ಕೆಯ ಕಾಂಕ್ರೀಟನ್ನೂ ತಿನ್ನುತ್ತದೆ. ತೆಂಗಿನ ನಾರು ಮತ್ತು ನೀರಿನಿಂದ ಉಜ್ಜಿಸಿ, ಜಗ್ಗದಿದ್ದರೆ ನೀರಿನ ಮರಳುಕಾಗದ ಹಿಡಿಸಿ. ಮುಂದಿನ ಸಲ ಸೆಂಟ್ರಿಂಗ್ ಮೇಲೆ ಎಣ್ಣೆಯ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿದರೆ ಹಾಲು ಹೆಂಚಿನ ಕೆಳಗೆ ಇಷ್ಟು ಹರಿಯುವುದಿಲ್ಲ. ಜಾಲರಿ ಇಲ್ಲದ ಕೋಣೆಯ ಮೇಲ್ಮೈ ಎರಡು ಬೇಸಿಗೆ ಕಳೆದ ಮೇಲೆ ಹೇಗಿದೆ ಎಂದು ದಯವಿಟ್ಟು ಇಲ್ಲಿಯೇ ಬರೆಯಿರಿ.